ಎಲ್ಲವೂ ಹಸಿರಾಗಿದ್ದ ವರದಿ

ಶುಕ್ರವಾರದ ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ಬಸವರಾಜೇಶ್ವರಿ ರಾಜಾಜಿನಗರದ ಮನೆಯಿಂದ ಹೊರಟಿದ್ದರು. ದಾರಿಯಲ್ಲಿ ಚಿಕ್ಕಣ್ಣನ ಬೇಕರಿಯ ಮುಂದೆ ನಿಂತು ಎರಡು ಚಮಚ ಯೀಸ್ಟ್ ಕೇಳಿದರು.

"ವರ್ಷಕ್ಕೊಂದ್ಸಲ ಬಂದು ಯೀಸ್ಟ್ ಒಯ್ತೀರಾ. ಆಸ್ಪತ್ರೇಲಿ ಬನ್ ಸುಡ್ತೀರಾ ಮೇಡಂ?" ಎಂದ ಚಿಕ್ಕಣ್ಣ, ಪೊಟ್ಟಣ ಕಟ್ಟುತ್ತ.

"ಹುಡುಗೀರಿಗೆ ಪಾಠ ಮಾಡೋಕೆ ಕಣಪ್ಪ."

"ಬನ್ ಬಂದ್ರೆ ನಂಗೂ ಒಂದು ಕಳ್ಸಿ."

ಬಸವೇಶ್ವರನಗರದ ಆ ಟ್ರಸ್ಟ್ ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಬಸವರಾಜೇಶ್ವರಿ ಇಪ್ಪತ್ತೆಂಟು ವರ್ಷದಿಂದ ದುಡಿಯುತ್ತಿದ್ದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಹಿರಿಯ ತಂತ್ರಜ್ಞೆ. ವರದಿಗೆ ಸಹಿ ಹಾಕುವ ವೈದ್ಯರು ವಾರಕ್ಕೆ ಮೂರು ದಿನ ಬಂದು ಹೋಗುವವರಾದ್ದರಿಂದ ಅಲ್ಲಿನ ನಿತ್ಯದ ವಿಧಿನಿಷೇಧಗಳೆಲ್ಲ ಈಕೆಯವೇ. ಕಂಪ್ಯೂಟರಿನ ಮೇಲ್ಭಾಗದ ಗೋಡೆಗೆ ಆರು ವರ್ಷದ ಹಿಂದೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಅಂಟಿಸಿದ ಒಂದು ಹಾಳೆ ಇತ್ತು: 'ವರದಿಯಲ್ಲಿ ಕೆಂಪು ಇದ್ದರೆ ಕೂಡಲೇ ವಾರ್ಡಿಗೆ ಫೋನ್ ಮಾಡತಕ್ಕದ್ದು. ಎಲ್ಲ ಹಸಿರಾಗಿದ್ದರೆ ಕಂಪ್ಯೂಟರಿನಲ್ಲಿ ಕಳಿಸಿದರೆ ಸಾಕು.' ರೋಗಾಣು ಯಾವ ಔಷಧಕ್ಕೆ ಬಗ್ಗುವುದಿಲ್ಲವೋ ವರದಿಯಲ್ಲಿ ಆ ಔಷಧದ ಹೆಸರು ಕೆಂಪಾಗಿ ಮೂಡುತ್ತದೆ, ಬಗ್ಗುವುದಾದರೆ ಹಸಿರು. ನೂರಾರು ವರದಿಗಳ ನಡುವೆ ಯಾವುದಕ್ಕೆ ಧಾವಿಸಬೇಕು, ಯಾವುದಕ್ಕೆ ಬೇಡ ಎಂಬುದನ್ನು ಈ ಎರಡು ವಾಕ್ಯ ತೀರ್ಮಾನಿಸುತ್ತಿದ್ದವು. ಆ ಹಾಳೆಯ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಂದಿನ ಪಾಠ, ರೋಗಾಣುಗಳು ಮೈಗೆ ಅಂಟುವ ಬಗೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಐಶ್ವರ್ಯ ಎದುರಿಗೆ ಕುಳಿತಿದ್ದಳು. ಬಸವರಾಜೇಶ್ವರಿ ಗಾಜಿನ ಪಟ್ಟಿಯ ಮೇಲೆ ಯೀಸ್ಟ್ ಕದಡಿದ ನೀರಿನ ಎರಡು ಹನಿ ಇಟ್ಟು, ತೀವ್ರನಿಗಾ ಘಟಕದ ರೋಗಿಯೊಬ್ಬರ ಮೂತ್ರದಲ್ಲಿ ಬೆಳೆದಿದ್ದ ಈ-ಕೊಲೈ ರೋಗಾಣುವನ್ನು ಮೊದಲ ಹನಿಗೆ ಬೆರೆಸಿ ಮೆಲ್ಲಗೆ ತೂಗಿದರು. ಹಾಲಿನಂತಿದ್ದ ಹನಿ ನೋಡನೋಡುತ್ತಿದ್ದಂತೆ ಒಡೆದ ಮೊಸರಾಯಿತು.

"ಇದರ ಮೈಮೇಲೆ ಪಿಲಿ ಅಂತ ನವಿರಾದ ರೋಮ ಇರ್ತವೆ. ನಮ್ಮ ಮೈಕ್ರೋಸ್ಕೋಪಿಗೂ ಕಾಣಲ್ಲ. ಅದರ ತುದಿ ಮ್ಯಾನೋಸ್ ಅನ್ನೋ ಸಕ್ಕರೆನ ಹಿಡ್ಕೊಳ್ಳುತ್ತೆ. ಆ ಸಕ್ಕರೆ ಯೀಸ್ಟ್ ಮೈಮೇಲಿದೆ, ನಮ್ಮ ಮೂತ್ರಕೋಶದ ಒಳಪದರದ ಮೇಲೂ ಇದೆ. ಮೂತ್ರ ಎಷ್ಟು ರಭಸವಾಗಿ ಹರಿದ್ರೂ ಇದು ಕೊಚ್ಕೊಂಡು ಹೋಗಲ್ಲ, ಯಾಕೆ ಅಂತ ಈಗ ಗೊತ್ತಾಯ್ತಾ?"

ಎರಡನೆಯ ಹನಿಗೆ ಮೊದಲು ಮ್ಯಾನೋಸ್ ಸಕ್ಕರೆಯ ನೀರು ಹಾಕಿ ಆಮೇಲೆ ರೋಗಾಣು ಬೆರೆಸಿದರು. ಹನಿ ಹಾಲಾಗಿಯೇ ಉಳಿಯಿತು.

"ಕೈ ತುಂಬಾ ಸಕ್ಕರೆ ಕೊಟ್ಬಿಟ್ರೆ ಗೋಡೆ ಹಿಡಿಯೋಕೆ ಕೈ ಎಲ್ಲಿದೆ," ಎಂದು ಐಶ್ವರ್ಯ ನಕ್ಕಳು. "ಮೇಡಂ, ಇನ್ನೊಂದು ಟ್ರೈ ಮಾಡೋಣ್ವಾ? ಮಂಗಳವಾರ ಲಿವರ್ ಕೀವಲ್ಲಿ ಬಂತಲ್ಲ, ಆ ಲೋಳೆ ರೋಗಾಣು, ಕ್ಲೆಬ್ಸಿಯೆಲ್ಲಾ. ಅದಕ್ಕೂ ಪಿಲಿ ಇರುತ್ತೆ ಅಂತ ಓದಿದ್ದೆ. ನಿನ್ನೆನೇ ಹೊಸ ತಟ್ಟೇಲಿ ಬೆಳೆಸಿಟ್ಟಿದೀನಿ."

ಬೆರೆಸಿದರು, ತೂಗಿದರು, ಒಂದು ನಿಮಿಷ ಕಾದರು. ಹನಿ ಒಡೆಯಲಿಲ್ಲ. ಮತ್ತೊಮ್ಮೆ ಮಾಡಿದರೂ ಅದೇ.

"ಪಿಲಿ ಇಲ್ವೇನೋ," ಎಂದಳು ಐಶ್ವರ್ಯ, ನಿರಾಶೆಯಿಂದ.

"ಇಲ್ಲದೇನೂ ಇರಬಹುದು. ಇದ್ದೂ ಹೂತು ಹೋಗಿರಬಹುದು. ಆ ಕಪ್ಪು ಶಾಯಿ ಕೊಡು."

ಶಾಯಿಯಲ್ಲಿ ಕದಡಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಬಸವರಾಜೇಶ್ವರಿ ಸ್ವಲ್ಪ ಹೊತ್ತು ತಲೆಯೆತ್ತಲಿಲ್ಲ. ಕಪ್ಪು ಆಕಾಶದಲ್ಲಿ ಮೋಡಕವಿದ ಚಂದ್ರನ ಸುತ್ತ ಕಟ್ಟುವ ಪರಿವೇಷದಂತೆ, ಒಂದೊಂದು ದಂಡಾಣುವಿನ ಸುತ್ತಲೂ ಶಾಯಿ ನುಗ್ಗಲಾರದ ಬೆಳ್ಳನೆಯ ಬಳೆ. ಆ ಬಳೆ ಒಳಗಿನ ಜೀವಿಗಿಂತಲೂ ದಪ್ಪವಾಗಿತ್ತು. ಸಕ್ಕರೆಯ ಎಳೆಗಳಿಂದಲೇ ಹೆಣೆದು ಹೊದ್ದ ಕವಚವದು. ಆ ದಪ್ಪದಲ್ಲಿ ಗಿಡ್ಡ ರೋಮಗಳು ಮುಳುಗಿಹೋದರೆ ಯೀಸ್ಟನ್ನು ಮುಟ್ಟುವುದಾದರೂ ಹೇಗೆ?

ಆಕೆ ತಟ್ಟೆ ತೆರೆದು, ತಂತಿಯ ಉಂಗುರದ ತುದಿಯನ್ನು ರೋಗಾಣುವಿನ ಹೊಳೆಯುವ ಒಂದು ಗುಡ್ಡೆಗೆ ತಾಕಿಸಿ ಮೇಲೆತ್ತಿದರು. ಹಲಸಿನ ಮೇಣದಂತೆ ದಾರವೊಂದು ಎದ್ದುಬಂತು. ಐದು ಮಿಲಿಮೀಟರ್ ದಾಟಿದರೆ ಎಚ್ಚರಿಕೆಯ ಲಕ್ಷಣವೆಂದು ಆಕೆಗೆ ಗೊತ್ತಿತ್ತು. ದಾರ ಎರಡು ಸೆಂಟಿಮೀಟರಿನವರೆಗೆ ಬಂದು ಆಮೇಲೆ ಕಡಿಯಿತು.

"ಮಂಗಳವಾರಾನೇ ತೋರಿಸಿದ್ದೆ ಮೇಡಂ," ಎಂದಳು ಐಶ್ವರ್ಯ. ಆ ಮಾತಿನಲ್ಲಿ ದೂರಿರಲಿಲ್ಲ. "ದಾರ ಬರ್ತಿದೆ ಅಂದೆ. ನೀವು ಐಸಿಯು ಫೋನಲ್ಲಿದ್ರಿ. ಲೋಳೆ ಇದ್ರೆ ಇರ್ಲಿ, ಔಷಧಿ ಸೆನ್ಸಿಟಿವಿಟಿ ಟೆಸ್ಟ್ ಹಾಕು ಅಂದ್ರಿ. ನೋಟ್‌ಬುಕ್ಕಲ್ಲಿ ಬರ್ದಿದೀನಿ."

ಬರೆದಿದ್ದಳು. 'ಲೋಳೆ. ದಾರ ಬರುತ್ತದೆ.' ವರದಿಯ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲವಾದ್ದರಿಂದ ಅದು ನೋಟ್‌ಬುಕ್ಕಿನ ಅಂಚಿನಲ್ಲೇ ಉಳಿದಿತ್ತು. ಬುಧವಾರ ಹೋದ ವರದಿಯನ್ನು ಬಸವರಾಜೇಶ್ವರಿ ತೆರೆದು ನೋಡಿದರು. ಕೊಟ್ರಪ್ಪ, ಐವತ್ತೊಂದು ವರ್ಷ, ಸಕ್ಕರೆ ಕಾಯಿಲೆ, ಯಕೃತ್ತಿನಲ್ಲಿ ಕೀವಿನ ಗಡ್ಡೆ. ಆ ಜಾತಿಯ ರೋಗಾಣುವಿಗೆ ಹುಟ್ಟಿನಿಂದಲೇ ನಾಟದ ಔಷಧವನ್ನು ಪಟ್ಟಿಗೇ ಸೇರಿಸುವುದಿಲ್ಲ. ಉಳಿದ ಹದಿನಾಲ್ಕು ಔಷಧಗಳೂ ಹಸಿರು. ಪೈರಿನ ಗದ್ದೆಯಂತೆ ಮೇಲಿನಿಂದ ಕೆಳಗಿನವರೆಗೆ ಹಸಿರು.

ಇಂಥ ದಪ್ಪ ಕವಚದ ತಳಿ ಬಹುಮಟ್ಟಿಗೆ ಔಷಧಕ್ಕೆ ಬೇಗ ಬಗ್ಗುತ್ತದೆ. ಅದರ ಕೇಡಿರುವುದು ಬೇರೆಡೆ. ಕರುಳಿನಲ್ಲಿ ತೆಪ್ಪಗಿರುವುದು ಒಮ್ಮೆ ರಕ್ತಕ್ಕೆ ಇಳಿದು ಯಕೃತ್ತು ಸೇರಿತೆಂದರೆ, ಅಲ್ಲಿಂದ ಮತ್ತೆ ರಕ್ತದೊಡನೆ ಸಂಚಾರ ಹೊರಡುತ್ತದೆ. ಶ್ವಾಸಕೋಶ, ಮಿದುಳು, ಎಲ್ಲಕ್ಕಿಂತ ಬೇಗ ಕೈತಪ್ಪುವ ಕಣ್ಣು. ಕಣ್ಣೊಳಗೆ ನೆಲೆಸಿತೆಂದರೆ ದಿನಗಳಲ್ಲ, ಗಂಟೆಗಳ ಲೆಕ್ಕ. ನರಕ್ಕೆ ಕೊಟ್ಟ ಔಷಧ ಅಲ್ಲಿಗೆ ಸಾಕಷ್ಟು ತಲುಪುವುದೂ ಇಲ್ಲ.

ವಾರ್ಡಿಗೆ ಫೋನ್ ಮಾಡಿದರು. "ಹನ್ನೆರಡನೇ ಬೆಡ್ಡಾ? ನಿನ್ನೆ ಸಾಯಂಕಾಲ ಡಿಸ್ಚಾರ್ಜ್ ಆದ್ರಲ್ಲ ಮೇಡಂ," ಎಂದಳು ನರ್ಸ್. "ಜ್ವರ ಬಿಟ್ಟಿತ್ತು. ದಿನಕ್ಕೊಂದು ಇಂಜೆಕ್ಷನ್, ಮನೆ ಹತ್ರ ಕ್ಲಿನಿಕ್ಕಲ್ಲಿ ತಗೋತಾರೆ."

ಕೊಟ್ರಪ್ಪನಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರ್ ಗಿರಿರಾಜ್ ಹೊರರೋಗಿಗಳ ನಡುವೆಯೇ ಫೋನ್ ಎತ್ತಿದರು.

"ಹೇಳಿ ಮೇಡಂ. ಆ ಲಿವರ್ ಕೇಸಾ? ನಿಮ್ಮ ರಿಪೋರ್ಟ್ ಪೂರ್ತಿ ಹಸಿರು. ನೋಡಿ ಖುಷಿಯಾಯ್ತು."

"ಹಸಿರು ಔಷಧಿಗೆ ಸಾರ್. ರೋಗಾಣು ಸ್ವಭಾವಕ್ಕಲ್ಲ. ದಾರ ಎರಡು ಸೆಂಟಿಮೀಟರ್ ಬರ್ತಿದೆ, ಕವಚ ಭಾರಿ ದಪ್ಪ ಇದೆ. ಕಣ್ಣಿನ ಬಗ್ಗೆ ಏನಾದ್ರೂ ಹೇಳಿದ್ರಾ ಅವ್ರು?"

"ಹೇಳ್ಲಿಲ್ಲ."

"ನೀವು ಕೇಳಿದ್ರಾ ಸಾರ್?"

"ಕೇಳ್ಲಿಲ್ಲ." ಧ್ವನಿ ಬದಲಾಗಿತ್ತು. "ಮೇಡಂ, ಇದು ಬುಧವಾರಾನೇ ಗೊತ್ತಾಗಿದ್ರೆ ನಾನು ಬಿಡ್ತಾನೇ ಇರ್ಲಿಲ್ಲ."

"ತಪ್ಪು ನಮ್ದು ಸಾರ್. ನಂದು."

"ಅದಿರ್ಲಿ ಈಗ. ಅವ್ರನ್ನ ಹಿಡೀರಿ. ಕಣ್ಣಲ್ಲಿ ಸ್ವಲ್ಪ ಮಬ್ಬಿದ್ರೂ ಇಲ್ಲಿಗೆ ಬೇಡ, ಸೀದಾ ರಾಜಾಜಿನಗರದ ಕಣ್ಣಾಸ್ಪತ್ರೆಗೆ. ನಾನು ಅಲ್ಲಿಗೆ ಹೇಳಿರ್ತೀನಿ."

ಹಿಡಿಯುವುದು ಸುಲಭವಾಗಿರಲಿಲ್ಲ. ದಾಖಲಾತಿಯಲ್ಲಿದ್ದ ನಂಬರು ಕೊಟ್ರಪ್ಪನದಲ್ಲ. ಅವನು ದುಡಿಯುವ ಲಗ್ಗೆರೆಯ ಗೇರ್ ಕಾರ್ಖಾನೆಯ ಸೂಪರ್‌ವೈಸರ್ ಉದಯಕುಮಾರನದು. ನಾಲ್ಕು ಬಾರಿ ಬಡಿದುಕೊಂಡು ನಿಂತಿತು. ವಿಳಾಸದ ಜಾಗದಲ್ಲಿ ಕಾರ್ಖಾನೆಯ ಹೆಸರೂ ರಸ್ತೆಯೂ ಇದ್ದವು. ಬಸವರಾಜೇಶ್ವರಿ ಕೋಟು ಕಳಚಿ, ಕೈ ತೊಳೆದು, ಮತ್ತೊಮ್ಮೆ ತೊಳೆದು, ಚೀಲ ಹೆಗಲಿಗೇರಿಸಿದರು.

"ನೀವೇ ಹೋಗ್ತೀರಾ ಮೇಡಂ?"

"ಫೋನ್ ಎತ್ತಲ್ಲ ಅಂದ್ಮೇಲೆ ಇನ್ನೇನ್ ಮಾಡ್ಲಿ. ನೀನು ಬಿಡದೆ ಮಾಡ್ತಾ ಇರು."

ಆಟೋ ಕುರುಬರಹಳ್ಳಿ ದಾಟುವಷ್ಟರಲ್ಲಿ ಮೂರು ಕಡೆ ನಿಂತಿತು. ನೀರಿನ ಟ್ಯಾಂಕರೊಂದು ಅಡ್ಡವಾಗಿ ಹಿಂದೆ ಸರಿಯುತ್ತಿತ್ತು. ಬಸವರಾಜೇಶ್ವರಿ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಹಿಡಿದು ಕುಳಿತಿದ್ದರೂ ಜಪ ನೆಲೆಗೊಳ್ಳಲಿಲ್ಲ. ಬಾಯಿ ಷಡಕ್ಷರಿಯನ್ನು ಉಚ್ಚರಿಸುತ್ತಿರುವಾಗ ಮನಸ್ಸು ಗಂಟೆಗಳನ್ನು ಲೆಕ್ಕ ಹಾಕುತ್ತಿತ್ತು: ಮಂಗಳವಾರ ಹನ್ನೊಂದರಿಂದ ಶುಕ್ರವಾರ ಹನ್ನೊಂದು. ಮೂರು ದಿನ. ಆರು ವರ್ಷ ತಾವು ಕಾಪಾಡಿಕೊಂಡು ಬಂದ ನಿಯಮದ ಹಾಳೆ ಕಣ್ಣಮುಂದೆ ನಿಂತಿತು. ಅದನ್ನು ಬರೆದವರಾಗಲಿ ಪಾಲಿಸಿದವರಾಗಲಿ ಉದಾಸೀನರಲ್ಲ. ಉದಾಸೀನಕ್ಕೆ ಎಡೆಯಿರಬಾರದೆಂದೇ ಅದನ್ನು ಬರೆದದ್ದು. ಈ ಯೋಚನೆಯಿಂದ ಸಮಾಧಾನ ಬರಬೇಕಿತ್ತು, ಬರಲಿಲ್ಲ.

"ಸ್ವಲ್ಪ ಬೇಗ ಹೋಗಪ್ಪ."

"ಹಾರಕ್ಕೆ ರೆಕ್ಕೆ ಇಲ್ವಲ್ಲ ಆಂಟಿ," ಎಂದ ಆಟೋದವನು, ಆದರೂ ಒಂದು ಗಲ್ಲಿಗೆ ನುಗ್ಗಿಸಿದ.

ಕಾರ್ಖಾನೆಯೊಳಗೆ ಯಂತ್ರಗಳ ಕರ್ಕಶದಲ್ಲಿ ಯಾವ ಫೋನೂ ಕೇಳಿಸುವಂತಿರಲಿಲ್ಲ. ಉದಯಕುಮಾರನೇ ಬಾಗಿಲಿಗೆ ಬಂದ. "ಕೊಟ್ರಪ್ಪಾನಾ? ಅದೃಷ್ಟ ನೋಡಿ, ರಜಾ ಅರ್ಜಿ ಕೊಡೋಕೆ ಬಂದಿದಾರೆ. ನಾನೇ ಒಂದ್ ಪೀಸ್ ನೋಡ್ಕೊಟ್ಟು ಹೋಗಿ ಅಂದೆ. ಅವ್ರ ಕಣ್ಣಿಗೆ ಬಿದ್ರೆ ಕೂದಲೆಳೆ ವ್ಯತ್ಯಾಸಾನೂ ತಪ್ಪಲ್ಲ ಮೇಡಂ."

ಕಿಟಕಿಯ ಬಳಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದ ಕೊಟ್ರಪ್ಪ ತೆಳ್ಳಗಿನ ಆಳು. ಕೂಡ್ಲಿಗಿ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಆ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವುದೇ ಅವನ ಕೆಲಸ. ಉಕ್ಕಿನ ಅಚ್ಚೊಂದನ್ನು ಮೈಕ್ರೋಮೀಟರಿಗೆ ಸಿಕ್ಕಿಸಿ ಗೀಟುಗಳನ್ನು ಓದುತ್ತಿದ್ದ. ಓದಿ, ಕನ್ನಡಕ ತೆಗೆದು ಟವೆಲಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿ, ಪುನಃ ಒರೆಸುತ್ತಿದ್ದ.

"ಕೊಟ್ರಪ್ಪನೋರೇ, ನಾನು ಆಸ್ಪತ್ರೆ ಲ್ಯಾಬಿನವಳು."

"ಮತ್ತ ರಕ್ತ ಬೇಕಾತೇನ್ರಿ? ಇದ್ದಷ್ಟೂ ಕೊಟ್ಟೀನಲ್ರಿ ಮೇಡಮ್ಮಾರ," ಎಂದ ಅವನು, ನಗುತ್ತ.

"ಕನ್ನಡಕ ಯಾಕೆ ಒರೆಸ್ತಿದೀರಾ?"

"ಎಣ್ಣಿ ಕೂತೈತ್ರಿ. ಎಷ್ಟ್ ಒರಸಿದ್ರೂ ಹೋಗವಲ್ದು."

ಅವನ ಎಡಗಣ್ಣಿನ ಬಿಳುಪು ಕೆಂಪೇರಿದ್ದನ್ನು ಆಕೆ ಆಗಲೇ ಕಂಡಿದ್ದರು. "ಎಡಗಣ್ಣು ಮುಚ್ಚಿ, ಆ ಗೀಟು ಓದಿ."

"ಹನ್ನೆರಡು ಪಾಯಿಂಟ್ ನಾಕು ಏಳು."

"ಈಗ ಬಲಗಣ್ಣು ಮುಚ್ಚಿ."

ಕೊಟ್ರಪ್ಪ ಅಂಗೈಯಿಂದ ಬಲಗಣ್ಣು ಮುಚ್ಚಿದ. ಮೈಕ್ರೋಮೀಟರನ್ನು ಹತ್ತಿರ ತಂದ, ದೂರ ಒಯ್ದ. ನೆತ್ತಿಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು.

"ಕರೆಂಟ್ ಹೋತೇನ್ರಿ?" ಎಂದ.

ಉದಯಕುಮಾರ ತಲೆಯೆತ್ತಿ ದೀಪ ನೋಡಿದ. ಕೊಟ್ರಪ್ಪ ಅಂಗೈ ತೆಗೆದು ದೀಪವನ್ನೊಮ್ಮೆ, ಅವರಿಬ್ಬರನ್ನೊಮ್ಮೆ ನೋಡಿದ. ನಗು ಇಳಿದುಹೋಯಿತು.

"ನಿನ್ನಿ ರಾತ್ರಿಯಿಂದ ಒಂದೀಟು ಚುಚ್ಚತೈತ್ರಿ. ಸಕ್ರಿ ಇದ್ದೋರಿಗೆ ಹಂಗ ಆಗತೈತಿ ಅಂದ್ಲು ನಮ್ಮಾಕಿ. ನಾಳಿ ತೋರಿಸ್ತೀನಿ ಬಿಡ್ರಿ. ಜ್ವರ ಇಳದೈತಲ್ರಿ, ಆ ಹುಳ ಸತ್ತೈತಿ ಅಂದಾರ ಡಾಕ್ಟ್ರು."

"ಎಲ್ಲಾ ಸತ್ತಿಲ್ಲ." ಬಸವರಾಜೇಶ್ವರಿ ಮೇಜಿನ ಮೇಲಿದ್ದ, ಗ್ರೀಸ್ ಮೆತ್ತಿದ ಉಕ್ಕಿನ ಗುಂಡೊಂದನ್ನು ಅವನ ಮುಂದೆ ಸರಿಸಿದರು. "ಇದನ್ನ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡೀರಿ ನೋಡೋಣ."

ಹಿಡಿದ, ಜಾರಿತು.

"ನಮ್ಮ ರಕ್ತದಲ್ಲಿ ಕಾವಲಿನ ಕಣ ಇರ್ತವೆ. ರೋಗಾಣುನ ಹಿಡಿದು ನುಂಗೋದು ಅವುಗಳ ಕೆಲಸ. ಮೊದಲು ರೋಗಾಣು ಮೈಗೆ ಗುರುತು ಮೆತ್ಕೊಬೇಕು, ಆಮೇಲೆ ಹಿಡಿತ ಸಿಗಬೇಕು. ನಿಮಗೆ ಬಂದಿರೋದು ಹೀಗೆ ದಪ್ಪಗೆ ಲೋಳೆ ಹೊದ್ದಿದೆ. ಗುರುತೂ ನಿಲ್ಲಲ್ಲ, ಹಿಡಿತಾನೂ ಸಿಗಲ್ಲ. ಕಾವಲಿನವರ ಕೈಯಿಂದ ಜಾರಿಕೊಂಡೇ ಲಿವರಿಂದ ಕಣ್ಣಿಗೆ ಹೋಗಿರಬಹುದು. ಇಂಜೆಕ್ಷನ್ ಕೈಗೆ ಕೊಟ್ರೆ ಅಲ್ಲಿಗೆ ಸಾಕಾಗಲ್ಲ, ಕಣ್ಣಿಗೇ ಕೊಡಬೇಕು. ನಾಳೆ ಅಂದ್ರೆ ಕಣ್ಣಿರಲ್ಲ ಕೊಟ್ರಪ್ಪನೋರೇ."

ಅವನು ಗುಂಡನ್ನೂ ಬೆರಳನ್ನೂ ನೋಡುತ್ತ ಕುಳಿತ. ಆಮೇಲೆ ಮೈಕ್ರೋಮೀಟರನ್ನು ಒರೆಸಿ, ಅದರ ಮರದ ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಹಾಕಿದ. "ಉದಯಣ್ಣಾ, ನಮ್ಮಾಕೀಗೆ ಒಂದು ಫೋನ್ ಹಚ್ಚು," ಎಂದು ಸ್ಟೂಲಿನಿಂದ ಇಳಿದ.

ಕಣ್ಣಾಸ್ಪತ್ರೆಯಲ್ಲಿ ಅವನನ್ನು ಕಾಯಿಸಲಿಲ್ಲ. ಗಿರಿರಾಜ್ ಹೇಳಿಯೇ ಇದ್ದರು. ಕಣ್ಣೊಳಗಿನ ದ್ರವದ ಮಾದರಿ ತೆಗೆದು, ಅಲ್ಲಿಗೇ ಔಷಧ ಚುಚ್ಚಲು ಒಳಗೆ ಕರೆದೊಯ್ದರು. ಬಲಗಣ್ಣು ಸದ್ಯಕ್ಕೆ ಶುಭ್ರವಾಗಿದೆ ಎಂದರು. ಸದ್ಯಕ್ಕೆ ಎಂಬ ಮಾತು ಬಸವರಾಜೇಶ್ವರಿಯ ಕಿವಿಯಲ್ಲೇ ಉಳಿಯಿತು.

ಕೊಟ್ರಪ್ಪನ ಹೆಂಡತಿ ಹನುಮವ್ವ ಓಡುತ್ತ ಬಂದಳು. ಹಿಟ್ಟಿನ ಕೈಯನ್ನು ಪೂರ್ತಿ ತೊಳೆದುಕೊಂಡಿರಲಿಲ್ಲ. ನಡೆದದ್ದನ್ನು ಕೇಳಿ ಬೆಂಚಿನ ಮೇಲೆ ಕುಳಿತಳು.

"ರಿಪೋರ್ಟು ಎಲ್ಲಾ ಹಸಿರು ಅಂದಿದ್ರಲ್ರಿ. ವಾರ್ಡಿನಾಗ ಎಲ್ಲಾರ ಮುಂದ ಹೇಳಿಕೆಂತ ತಿರಗೀನಿ ನಾನು."

ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಸಹಿ ತಮ್ಮದಲ್ಲ, ನಮೂನೆಯಲ್ಲಿ ಕಾಲಂ ಇಲ್ಲ, ಫೋನ್ ಮಾಡಬೇಕೆಂಬ ನಿಯಮವಿರಲಿಲ್ಲ. ಆ ನಿಯಮ ಯಾರದೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

"ಔಷಧಿ ನಾಟುತ್ತೆ ಅನ್ನೋದಕ್ಕಷ್ಟೇ ಹಸಿರು ಅಂತ ಬರೆಯೋದು. ಇದು ಕೆಟ್ಟ ಜಾತೀದು ಅನ್ನೋದು ತಟ್ಟೇಲಿ ಕಾಣ್ತಿತ್ತು. ಅದನ್ನ ನಾವು ಡಾಕ್ಟ್ರಿಗೆ ಹೇಳ್ಲಿಲ್ಲ."

"ಯಾವಾಗ ಕಂಡಿದ್ದು?"

"ಮಂಗಳವಾರ."

ಹನುಮವ್ವ ಬಯ್ಯಲಿಲ್ಲ. ಇಬ್ಬರ ನಡುವೆ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅದು ತಮಗೆ ಜಾಗ ಮಾಡಿದ್ದೋ, ತನ್ನದನ್ನು ತಾನು ತೆಗೆದುಕೊಂಡದ್ದೋ ಬಸವರಾಜೇಶ್ವರಿಗೆ ತಿಳಿಯಲಿಲ್ಲ. ಎದ್ದು ಹೋಗಲೂ ಆಗದೆ, ಹತ್ತಿರ ಸರಿಯಲೂ ಆಗದೆ, ಬಾಗಿಲು ತೆರೆಯುವವರೆಗೂ ಕುಳಿತಿದ್ದರು.

ಸೋಮವಾರ ಕಟ್ಟು ಬಿಚ್ಚುವಾಗಲೂ ಬಸವರಾಜೇಶ್ವರಿ ಹೋಗಿದ್ದರು. ನಡುವೆ ಇನ್ನೊಮ್ಮೆ ಕಣ್ಣಿಗೆ ಔಷಧ ಕೊಟ್ಟಿದ್ದರು. ಮಾದರಿಯಲ್ಲಿ ಅದೇ ರೋಗಾಣು ಬೆಳೆದಿತ್ತು. ಕಣ್ಣಿನ ವೈದ್ಯೆ ಕೊಟ್ರಪ್ಪನ ಬಲಗಣ್ಣು ಮುಚ್ಚಿಸಿ ಮುಂದೆ ಕೈ ಹಿಡಿದು ಎಷ್ಟು ಬೆರಳೆಂದು ಕೇಳಿದರು.

"ಮೂರು." ಸ್ವಲ್ಪ ತಡೆದು, "ಬೆರಳು ಕಾಣ್ತಾವ್ರಿ. ಉಗುರು ಕಾಣವಲ್ವು."

"ಕಣ್ಣು ಉಳ್ಕೊಂಡಿದೆ. ದೃಷ್ಟಿ ಇನ್ನೂ ಎಷ್ಟು ಬರುತ್ತೋ ಈಗಲೇ ಹೇಳೋಕಾಗಲ್ಲ," ಎಂದರು ವೈದ್ಯೆ.

"ಗೀಟು ಓದಾಕ ಬಲಗಣ್ಣು ಸಾಕ್ರಿ," ಎಂದ ಕೊಟ್ರಪ್ಪ. ಆಮೇಲೆ ಬಸವರಾಜೇಶ್ವರಿಯ ಕಡೆ ತಿರುಗಿ, "ಅದನ್ನಾರ ಕಾಯ್ರಿ ಮೇಡಮ್ಮಾರ," ಎಂದ. ಹಾಸ್ಯವೆಂದು ಹೇಳಿದನೋ ಏನೋ. ಹನುಮವ್ವ ನಗಲಿಲ್ಲ, ಬಸವರಾಜೇಶ್ವರಿಗೂ ನಗಲಾಗಲಿಲ್ಲ.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ಆಕೆ ಮೊದಲು ಮಾಡಿದ್ದು ಗೋಡೆಯ ಹಾಳೆಯನ್ನು ಕೀಳುವುದು. ಆರು ವರ್ಷದ ಅಂಟು ಸುಲಭವಾಗಿ ಬಿಡಲಿಲ್ಲ. ಮೂಲೆಗಳು ಗೋಡೆಯಲ್ಲೇ ಉಳಿದವು. ವರದಿಯ ನಮೂನೆಗೆ ದಾರದ ಒಂದು ಸಾಲು ಸೇರಿಸಲು ಸಹಿಯ ವೈದ್ಯರು ಒಪ್ಪಿದ್ದರು. ಗೋಡೆಗೆ ಹೊಸ ನಿಯಮ: ದಾರ ಬಂದರೆ ಹಸಿರಿದ್ದರೂ ಫೋನ್. ಅದನ್ನು ಬರೆದು ಅಂಟಿಸಿದ ಮೇಲಾದರೂ ಮನಸ್ಸು ಕೂರಬಹುದೆಂದುಕೊಂಡಿದ್ದರು.

ಮಧ್ಯಾಹ್ನ ಐಶ್ವರ್ಯ ಊಟ ಮುಗಿಸಿ ಬಂದಾಗ ಮೇಜಿನ ತುಂಬ ಹಳೆಯ ನೋಟ್‌ಬುಕ್ಕುಗಳಿದ್ದವು. ಬಸವರಾಜೇಶ್ವರಿ ಅಂಚುಗಳನ್ನಷ್ಟೇ ಓದುತ್ತ ಪುಟ ಮಗುಚುತ್ತಿದ್ದರು. ಬೇರೆ ಬೇರೆ ಕೈಬರಹ, ಬೇರೆ ಬೇರೆ ವರ್ಷ. 'ಲೋಳೆ.' 'ತುಂಬ ಅಂಟು.' 'ದಾರ.'

"ಎಷ್ಟಿದಾವೆ ಮೇಡಂ?"

"ಈ ವರ್ಷದ್ದೇ ಮೂರು. ಎಲ್ಲಾ ಹಸಿರು." ಆಕೆ ಒಂದು ಪುಟದ ಮೇಲೆ ಬೆರಳಿಟ್ಟರು. "ಇದು ಮೊನ್ನೆಯಲ್ಲ, ಅದರ ಹಿಂದಿನ ಶನಿವಾರದ್ದು. ಒಂಬತ್ತು ದಿನ ಆಯ್ತು. ಮುತ್ತವ್ವ, ನಲವತ್ತಾರು ವರ್ಷ, ಕೆಂಗೇರಿ. ಬುಧವಾರ ಮನೆಗೆ ಹೋಗಿದಾರೆ."

ಫೋನನ್ನು ಹತ್ತಿರಕ್ಕೆಳೆದು, ಕಂಪ್ಯೂಟರಿನ ದಾಖಲಾತಿಯಲ್ಲಿದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿ ಕಿವಿಗಿಟ್ಟರು. ಕೆಂಗೇರಿಯ ಯಾವುದೋ ಮನೆಯಲ್ಲಿ ಅದು ಬಡಿದುಕೊಳ್ಳತೊಡಗಿತು. ಒಂದು ಸಲ. ಎರಡು. ಐಶ್ವರ್ಯ ತನ್ನ ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತು ಮುಂದಿನ ನೋಟ್‌ಬುಕ್ಕನ್ನು ತೆರೆದಳು. ಐದನೆಯ ಸಲಕ್ಕೆ ಯಾರೋ ಎತ್ತಿದರು.

"ಮುತ್ತವ್ವನೋರ ಮನೇನಾ?" ಎಂದರು ಬಸವರಾಜೇಶ್ವರಿ. "ಆಸ್ಪತ್ರೆ ಲ್ಯಾಬಿಂದ ಮಾತಾಡ್ತಿದೀನಿ. ಅವ್ರಿಗೆ ಒಂದೊಂದೇ ಕಣ್ಣು ಮುಚ್ಕೊಂಡು ನೋಡೋಕೆ ಹೇಳ್ತೀರಾ? ಪರವಾಗಿಲ್ಲ, ನಿಧಾನವಾಗಿ ಕರೀರಿ. ನಾನು ಲೈನಲ್ಲೇ ಇರ್ತೀನಿ."